ನಾನೂರು ಅರ್ಜಿಗಳ ನಡುವೆ ನಿಮ್ಮ ಪಾಲು

ಪ್ರಶ್ನೆ: ಡೇಟಾ ವಿಶ್ಲೇಷಕ ಹುದ್ದೆಗೆ 400 ಅರ್ಜಿ ಬಂದಿವೆಯಂತೆ, ಸಂದರ್ಶನಕ್ಕೆ ಕರೆಯುವುದು 10 ಜನರನ್ನು. ನನಗೆ ಎಸ್‌ಕ್ಯೂಎಲ್ ಬರುತ್ತದೆ, ಲೆಕ್ಕಪತ್ರ ವಿಭಾಗದ ಅನುಭವವೂ ಇದೆ. ನನ್ನ ಅವಕಾಶ ಶೇ 2.5 ಮಾತ್ರವೇ?

ಅಲ್ಲ. ಶೇ 2.5 ಎಂಬುದು ನಾನೂರು ಜನರ ಸರಾಸರಿ. ಅವರಲ್ಲಿ ಬಹುಪಾಲು ಜನರ ಅವಕಾಶ ಸೊನ್ನೆಗೆ ಹತ್ತಿರ, ಕೆಲವರದು ಅರ್ಧಕ್ಕೆ ಹತ್ತಿರ. ಇಂಥ ಅರ್ಜಿಗಳ ರಾಶಿಯನ್ನು ಜರಡಿ ಹಿಡಿಯುವ ಕೆಲಸ ನಾನು ಹಲವು ಬಾರಿ ಮಾಡಿದ್ದೇನೆ. ಜಾಹೀರಾತಿನಲ್ಲಿ ಹನ್ನೆರಡು ಕೌಶಲಗಳಿದ್ದರೂ ನನ್ನ ಕಣ್ಣು ಹುಡುಕುತ್ತಿದ್ದುದು ಎರಡನ್ನೇ.

ನಿಮ್ಮ ಹುದ್ದೆಗೆ ಆ ಎರಡು ಎಸ್‌ಕ್ಯೂಎಲ್ ಮತ್ತು ಲೆಕ್ಕಪತ್ರ ಎಂದುಕೊಳ್ಳೋಣ. ಮುಂದಿನ ಅಂಕಿಗಳು ನನ್ನ ಊಹೆ. ನಿಮ್ಮ ಅಂದಾಜನ್ನು ಅಲ್ಲಿ ಹಾಕಿಕೊಳ್ಳಿ. ಎಸ್‌ಕ್ಯೂಎಲ್ ಎಂದು ಬರೆದವರು 240 ಜನ ಇರಬಹುದು, ಅದರಿಂದ ಏನು ಮಾಡಿದೆ ಎಂದು ತೋರಿಸಿದವರು 60. ಎಲ್ಲ ಅರ್ಜಿದಾರರಲ್ಲಿ ಲೆಕ್ಕಪತ್ರ ಬಲ್ಲವರು ಶೇ 15 ಎಂದಾದರೆ 60ರಲ್ಲಿ 9 ಜನ ಉಳಿಯುತ್ತಾರೆ ಎಂದು ಗುಣಿಸಿಬಿಡುವುದು ಸುಲಭ, ಆದರೆ ಹೆಚ್ಚಿನವರು ಎಡವುವುದೂ ಅಲ್ಲಿಯೇ. ಕೌಶಲಗಳು ಜೊತೆಜೊತೆಯಾಗಿ ಬರುತ್ತವೆ. ತಿಂಗಳ ಕೊನೆಯ ವರದಿ ತಯಾರಿಸುತ್ತಲೇ ಎಸ್‌ಕ್ಯೂಎಲ್ ಕಲಿತವರು ಆ 60ರೊಳಗೇ ಹೆಚ್ಚಾಗಿ ಇರುತ್ತಾರೆ. ಹಾಗಾಗಿ 20 ಎಂದು ಹಿಡಿಯುವುದು ಕ್ಷೇಮ. ಒಳಗಿನವರ ಶಿಫಾರಸಿಗೆ ಎರಡು ಸ್ಥಾನ ಬಿಟ್ಟರೆ 20 ಜನರಿಗೆ 8 ಸ್ಥಾನ, ಅಂದರೆ ಶೇ 40.

ಆದರೆ ಆ 20 ಜನ ಕೌಶಲ ಉಳ್ಳವರಲ್ಲ, ಕೌಶಲ ಕಣ್ಣಿಗೆ ಬಿದ್ದವರು. ನಿಮ್ಮ ರೆಸ್ಯೂಮೆ ಓದಿದವರಿಗೆ ಎರಡೂ ಕಾಣುವ ಸಂಭವ ಶೇ 70 ಎಂದಾದರೆ ನಿಮ್ಮ ಪಾಲು ಶೇ 28ಕ್ಕೆ ಇಳಿಯುತ್ತದೆ. ಎರಡರಲ್ಲಿ ಒಂದು ನಿಜವಾಗಿಯೂ ಇಲ್ಲದಿದ್ದರೆ ಉಳಿದ ಹತ್ತು ಕೌಶಲಗಳು ಅದನ್ನು ತುಂಬಿಕೊಡುವುದಿಲ್ಲ. (400 ಎಂಬ ಸಂಖ್ಯೆಗೆ ತಲೆ ಕೆಡಿಸಿಕೊಳ್ಳಬೇಡಿ. ಅದು 800 ಆದರೂ ಹೊಸಬರಲ್ಲಿ ಎರಡೂ ಉಳ್ಳವರು ಇಲ್ಲದಿದ್ದರೆ ನಿಮ್ಮ ಪಾಲು ಬದಲಾಗುವುದಿಲ್ಲ.)

ನಿರ್ಣಾಯಕ ಕೌಶಲ ಯಾವುದೆಂದು ತಿಳಿಯಲು ಜಾಹೀರಾತಿನ ಅರ್ಹತೆಗಳ ಪಟ್ಟಿಗಿಂತ ಕೆಲಸದ ವಿವರಣೆ ಓದಿ. ದಿನನಿತ್ಯ ಮಾಡಬೇಕಾದ ಕೆಲಸಗಳಲ್ಲಿ ಮತ್ತೆ ಮತ್ತೆ ಬರುವುದೇ ಅದು.

ಅಂದಾಜು ಸರಿಯೇ ಎಂದು ನಿಮ್ಮ ಅರ್ಜಿಗಳೇ ಹೇಳುತ್ತವೆ. ಶೇ 28 ನಿಜವಾಗಿದ್ದರೆ ಇಂಥ ಐದು ಅರ್ಜಿಗಳಿಗೆ ಒಂದೂ ಕರೆ ಬಾರದಿರುವ ಸಂಭವ ಸುಮಾರು ಶೇ 19, ಆದ್ದರಿಂದ ಆಗ ಗಾಬರಿ ಬೇಡ. ಹತ್ತಕ್ಕೂ ಬಾರದಿರುವ ಸಂಭವ ಶೇ 4ರಷ್ಟೇ. ಆಗ ಲೆಕ್ಕದಲ್ಲಿ ಏನೋ ತಪ್ಪಿದೆ. ನಾನು ಮೊದಲು ಅನುಮಾನಿಸುವುದು ಆ ಶೇ 70ನ್ನು. ಪರಿಚಿತರೊಬ್ಬರಿಗೆ ರೆಸ್ಯೂಮೆಯನ್ನು ಅರ್ಧ ನಿಮಿಷ ತೋರಿಸಿ, ಹಿಂದಕ್ಕೆ ಪಡೆದು, ನನಗೆ ಏನು ಬರುತ್ತದೆ ಎಂದು ಕೇಳಿ ನೋಡಿ.