ಮಂಜು ಕವಿದ ಗುಡ್ಡ ಮತ್ತು ಒಂದೇ ತೂಕದ ಲೆಕ್ಕ

ಪ್ರಶ್ನೆ: ನಾನು ಹತ್ತನೇ ತರಗತಿಯಲ್ಲಿದ್ದೇನೆ. ಗ್ರೇಡಿಯೆಂಟ್ ಡಿಸೆಂಟ್ ಎಂದರೆ ಮಂಜು ಕವಿದ ಗುಡ್ಡದಿಂದ ಇಳಿದ ಹಾಗೆ ಎಂದು ಓದಿದೆ. ಆ ಗುಡ್ಡ ಇರುವುದಾದರೂ ಎಲ್ಲಿ? ಮಂಜು ಯಾಕೆ ಬೇಕು? ಇಳಿದರೆ ಒಳ್ಳೆಯ ತೂಕಗಳು ಸಿಗುವುದು ಹೇಗೆ?

ಉತ್ತರ:

ಮೊದಲು ಗುಡ್ಡವನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಳ್ಳೋಣ, ಇಳಿಯುವವನು ಆಮೇಲೆ ಬರಲಿ. ನೀವು ಸೈಕಲ್ಲಿನಲ್ಲಿ 1 ಕಿ.ಮೀ. ಹೋಗಲು 5 ನಿಮಿಷ, 2 ಕಿ.ಮೀ. ಹೋಗಲು 8 ನಿಮಿಷ ಹಿಡಿಯಿತು ಎಂದಿಟ್ಟುಕೊಳ್ಳಿ. ದೂರವನ್ನು ಕೊಟ್ಟರೆ ಸಮಯವನ್ನು ಊಹಿಸುವ ಅತ್ಯಂತ ಸರಳ ನಿಯಮವೆಂದರೆ, ದೂರವನ್ನು w ಎಂಬ ಒಂದು ಸಂಖ್ಯೆಯಿಂದ ಗುಣಿಸುವುದು. ಆ w ಎಂಬುದೇ ತೂಕ. ಅದರ ಬೆಲೆ ಎಷ್ಟಿದ್ದರೆ ಊಹೆ ಚೆನ್ನಾಗಿರುತ್ತದೆ ಎಂಬುದೇ ನಮ್ಮ ಪ್ರಶ್ನೆ.

w = 0 ಆದರೆ ಎರಡೂ ಊಹೆಗಳು ಸೊನ್ನೆ; ತಪ್ಪು 5 ಮತ್ತು 8 ನಿಮಿಷ. ಇವುಗಳ ವರ್ಗ 25 ಮತ್ತು 64, ಸರಾಸರಿ 44.5. w = 2 ಆದರೆ ಊಹೆಗಳು 2 ಮತ್ತು 4, ತಪ್ಪು 3 ಮತ್ತು 4, ವರ್ಗಗಳ ಸರಾಸರಿ 12.5. w = 4 ಆದಾಗ ಈ ಸರಾಸರಿ 0.5ಕ್ಕೆ ಇಳಿಯುತ್ತದೆ; w = 6 ಆದಾಗ ಮತ್ತೆ 8.5ಕ್ಕೆ ಏರುತ್ತದೆ. ಈಗ ಅಡ್ಡ ಅಕ್ಷದ ಮೇಲೆ w, ಲಂಬ ಅಕ್ಷದ ಮೇಲೆ ಈ ಸರಾಸರಿ ತಪ್ಪು ಎಂದು ಗುರುತಿಸಿ ಬಿಂದುಗಳನ್ನು ಸೇರಿಸಿದರೆ ಬಟ್ಟಲಿನಂತಹ ಒಂದು ರೇಖೆ ಮೂಡುತ್ತದೆ. ನೀವು ಕೇಳಿದ ಗುಡ್ಡ ಇದೇ. ಗುಡ್ಡದ ಮೇಲೆ ನಿಂತ ಜಾಗವೆಂದರೆ ತೂಕದ ಈಗಿನ ಬೆಲೆ, ಆ ಜಾಗದ ಎತ್ತರವೆಂದರೆ ಅಷ್ಟು ತೂಕವಿಟ್ಟಾಗ ಆಗುವ ತಪ್ಪು. ಕಣಿವೆಯ ತಳವನ್ನು ತಲುಪುವುದೂ ಒಳ್ಳೆಯ ತೂಕವನ್ನು ಕಂಡುಕೊಳ್ಳುವುದೂ ಒಂದೇ ಮಾತಾಗುವುದು ಹೀಗೆ.

ಮಳೆಗಾಲದ ಮುಳ್ಳಯ್ಯನಗಿರಿಯಂತಹ ಬೆಟ್ಟದಲ್ಲಿ ಮಂಜು ದಟ್ಟವಾದಾಗ ಹತ್ತು ಹೆಜ್ಜೆ ಆಚೆಗೆ ಏನಿದೆಯೆಂದು ಕಾಣುವುದಿಲ್ಲ, ಆದರೆ ಕಾಲಡಿಯ ನೆಲ ಯಾವ ಕಡೆಗೆ ಇಳಿಯುತ್ತಿದೆ ಎಂಬುದು ಪಾದಕ್ಕೆ ತಿಳಿಯುತ್ತದೆ. ಕಂಪ್ಯೂಟರಿನ ಸ್ಥಿತಿಯೂ ಅಷ್ಟೇ. ಅದು w = 0 ಎಂಬಲ್ಲಿ ನಿಂತಿದೆ, ಅಲ್ಲಿಯ ಎತ್ತರ 44.5 ಎಂದು ಗೊತ್ತು. ಈಗ ಪಾದವನ್ನು ಸ್ವಲ್ಪ ಮುಂದಿಟ್ಟು ನೋಡುವಂತೆ w ಅನ್ನು 0.01 ಮಾಡಿ ಲೆಕ್ಕ ಹಾಕಿದರೆ ಎತ್ತರ 44.29025 ಆಗುತ್ತದೆ. 0.01ರಷ್ಟು ಸರಿದದ್ದಕ್ಕೆ 0.20975ರಷ್ಟು ಇಳಿದಿದ್ದೇವೆ; ಭಾಗಿಸಿದರೆ ಇಳಿಜಾರು ಸುಮಾರು −21. ಋಣ ಚಿಹ್ನೆಯ ಅರ್ಥ, w ಹೆಚ್ಚಾದರೆ ತಪ್ಪು ಕಡಿಮೆಯಾಗುತ್ತದೆ ಎಂದು. ಮುಂದೆ ಪಿಯುಸಿಯಲ್ಲಿ ಕಲನಶಾಸ್ತ್ರ ಕಲಿತಾಗ, ಹೀಗೆ ಕಾಲಿಟ್ಟು ನೋಡದೆಯೇ ಈ ಗುಡ್ಡದ ಇಳಿಜಾರು ಯಾವುದೇ ಜಾಗದಲ್ಲಿ 5w − 21 ಎಂದು ನೀವೇ ಸಾಧಿಸಬಲ್ಲಿರಿ.

ಹೆಜ್ಜೆಯ ನಿಯಮ ಚಿಕ್ಕದು: ಇಳಿಜಾರನ್ನು ಒಂದು ಸಣ್ಣ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು w ನಿಂದ ಕಳೆಯಬೇಕು. ಆ ಸಣ್ಣ ಸಂಖ್ಯೆಗೆ ಕಲಿಕೆಯ ದರ ಎನ್ನುತ್ತಾರೆ. ದರ 0.1 ಎಂದಿಟ್ಟುಕೊಂಡರೆ ಮೊದಲ ಹೆಜ್ಜೆಯಲ್ಲಿ w ಸೊನ್ನೆಯಿಂದ 2.1ಕ್ಕೆ ಬರುತ್ತದೆ, ತಪ್ಪು 44.5ರಿಂದ 11.425ಕ್ಕೆ ಇಳಿಯುತ್ತದೆ. ಅಲ್ಲಿ ಇಳಿಜಾರು −10.5; ಆದ್ದರಿಂದ ಮುಂದಿನ ಹೆಜ್ಜೆ 1.05 ಮಾತ್ರ, w 3.15 ಆಗುತ್ತದೆ. ಆಮೇಲೆ 3.675, ಆಮೇಲೆ 3.9375. ಪ್ರತಿ ಹೆಜ್ಜೆಯಲ್ಲೂ ತಳಕ್ಕೆ ಉಳಿದ ದೂರ ಅರ್ಧವಾಗುತ್ತ, w 4.2ರ ಹತ್ತಿರ ಹೋಗಿ ನೆಲೆಸುತ್ತದೆ. ಅಲ್ಲಿಯೂ ತಪ್ಪು ಸೊನ್ನೆಯಾಗುವುದಿಲ್ಲ, 0.4 ಉಳಿಯುತ್ತದೆ. ಏಕೆಂದರೆ ಒಂದೇ ಸಂಖ್ಯೆಯಿಂದ ಗುಣಿಸುವ ನಿಯಮವು 5 ನಿಮಿಷವನ್ನೂ 8 ನಿಮಿಷವನ್ನೂ ಒಟ್ಟಿಗೆ ಸರಿಯಾಗಿ ಹೇಳಲಾರದು. ಇಷ್ಟೂ ಕೆಲಸವನ್ನು ಪೈಥಾನ್‌ನಲ್ಲಿ ಹೀಗೆ ಬರೆಯಬಹುದು:

```
w = 0.0
for i in range(20):
    slope = 5*w - 21
    w = w - 0.1*slope
    print(i, w)
```

ಗುಡ್ಡದ ಹೋಲಿಕೆ ದಾರಿ ತಪ್ಪಿಸುವ ಒಂದು ಜಾಗವಿದೆ, ಅದನ್ನು ಹೇಳಲೇಬೇಕು. ಮನುಷ್ಯನು ಕಡಿದಾದ ಕಡೆ ಹೆದರಿ ಸಣ್ಣ ಹೆಜ್ಜೆ ಇಡುತ್ತಾನೆ, ಸಮತಟ್ಟಾದ ಕಡೆ ಬೀಸಾಗಿ ನಡೆಯುತ್ತಾನೆ. ಇಲ್ಲಿ ಅದಕ್ಕೆ ತದ್ವಿರುದ್ಧ: ಕಡಿದಾದಷ್ಟೂ ಹೆಜ್ಜೆ ದೊಡ್ಡದು, ನೆಲ ಸಮವಾದಷ್ಟೂ ಚಿಕ್ಕದು. ತಳ ಸಮೀಪಿಸಿದಂತೆ ವೇಗ ತಾನಾಗಿ ತಗ್ಗುವುದು ಇದರಿಂದಲೇ. ಕಲಿಕೆಯ ದರವನ್ನು ಹೆಚ್ಚಿಸಿದರೆ ಕೆಡುಕಾಗುವುದೂ ಇದರಿಂದಲೇ. ಮೇಲಿನ ಲೆಕ್ಕದಲ್ಲಿ 0.1ರ ಬದಲು 0.4 ಇಟ್ಟು ನೋಡಿ. w ಸೊನ್ನೆಯಿಂದ 8.4ಕ್ಕೆ ಜಿಗಿದು, ಕಣಿವೆಯನ್ನು ದಾಟಿ ಎದುರಿನ ಇಳಿಜಾರಿನಲ್ಲಿ ಅಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮತ್ತೆ ಸೊನ್ನೆಗೆ, ಮತ್ತೆ 8.4ಕ್ಕೆ, ಹೀಗೆ ಕೊನೆಯೇ ಇಲ್ಲದೆ. 0.5 ಇಟ್ಟರೆ 10.5, −5.25, 18.375 ಎಂದು ಪ್ರತಿ ಜಿಗಿತವೂ ಹಿಂದಿನದಕ್ಕಿಂತ ಎತ್ತರಕ್ಕೆ ಒಯ್ಯುತ್ತದೆ. ದರವನ್ನು 0.001 ಮಾಡಿದರೆ ಅಪಾಯವಿಲ್ಲ, ಆದರೆ 20 ಹೆಜ್ಜೆಗಳ ನಂತರವೂ w ಇನ್ನೂ 0.4ರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ಈ ಕೆಲಸ ಮಾಡುವವರು ಮೊದಲು ನೋಡುವುದು ಹೆಜ್ಜೆಹೆಜ್ಜೆಗೆ ತಪ್ಪಿನ ಪ್ರಮಾಣ ಹೇಗೆ ಬದಲಾಗುತ್ತಿದೆ ಎಂಬುದನ್ನು. ಅದು ಏರುತ್ತ ಹೋದರೆ ದರ ಹೆಚ್ಚಾಗಿರುವ ಸಂಭವವೇ ಅಧಿಕ. ಆಮೆಯಂತೆ ಇಳಿಯುತ್ತಿದ್ದರೆ ದರ ತೀರ ಕಡಿಮೆಯಿರಬಹುದು.

ಇನ್ನು ಮಂಜಿನ ವಿಷಯ. ತೂಕ ಒಂದೇ ಇದ್ದಾಗ ಮಂಜೇ ಇಲ್ಲ: ನಾವು ಮಾಡಿದಂತೆ ಹಲವು ಬೆಲೆಗಳನ್ನು ಹಾಕಿ ನೋಡಿ, ಇಡೀ ಗುಡ್ಡವನ್ನು ಬರೆದುಬಿಡಬಹುದು. ಒಂದು ತೂಕಕ್ಕೆ 100 ಬೆಲೆಗಳನ್ನು ಪರೀಕ್ಷಿಸುವುದಾದರೆ, ಎರಡು ತೂಕಗಳಿಗೆ 10,000 ಜೋಡಿಗಳು. ಹತ್ತು ತೂಕಗಳಿಗೆ 1ರ ಮುಂದೆ 20 ಸೊನ್ನೆಗಳು ಬರುವಷ್ಟು. ಇಂತಹ ತೂಕಗಳಿಂದ ಗುಣಿಸುವ ಲೆಕ್ಕಗಳನ್ನು ಪದರ ಪದರವಾಗಿ ಜೋಡಿಸಿದ ಜಾಲಕ್ಕೆ ನ್ಯೂರಲ್ ನೆಟ್‌ವರ್ಕ್ ಎನ್ನುತ್ತಾರೆ; ಕೈಬರಹದ ಅಂಕಿಗಳನ್ನು ಗುರುತಿಸುವ ಒಂದು ಚಿಕ್ಕ ಜಾಲದಲ್ಲೇ ಸಾವಿರಾರು ತೂಕಗಳಿರುತ್ತವೆ. ಗುಡ್ಡವನ್ನು ಪೂರ್ತಿ ನೋಡುವುದು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ ಎಂಬುದನ್ನೇ ಮಂಜು ಎನ್ನುತ್ತೇವೆ. ಆದರೆ ನಿಂತಲ್ಲಿಯ ಇಳಿಜಾರನ್ನು ಮಾತ್ರ ಆಗಲೂ ಅಳೆಯಬಹುದು: ಪ್ರತಿಯೊಂದು ತೂಕಕ್ಕೂ ತನ್ನದೇ ಒಂದು ಇಳಿಜಾರಿದೆ, ಎಲ್ಲವನ್ನೂ ಒಟ್ಟಿಗೆ ಪಟ್ಟಿ ಮಾಡಿದರೆ ಅದೇ ಗ್ರೇಡಿಯೆಂಟ್. ಒಂದೊಂದು ತೂಕವನ್ನೂ 0.01ರಷ್ಟು ಸರಿಸಿ ನೋಡಿದರೆ ಲೆಕ್ಕ ಸಾವಿರಾರು ಸಲ ಮಾಡಬೇಕಾಗುತ್ತದೆ. ಕೊನೆಯ ತಪ್ಪಿನಿಂದ ಹಿಂದಕ್ಕೆ ಬರುತ್ತ, ಯಾವ ತೂಕದ ಪಾಲು ಎಷ್ಟೆಂದು ಒಂದೇ ಸುತ್ತಿನಲ್ಲಿ ಲೆಕ್ಕ ಹಾಕುವ ವಿಧಾನಕ್ಕೆ ಬ್ಯಾಕ್‌ಪ್ರೊಪಗೇಶನ್ ಎಂದು ಹೆಸರು. ಇದನ್ನು ನ್ಯೂರಲ್ ನೆಟ್‌ವರ್ಕುಗಳಿಗೆ ಬಳಸುವುದು ವ್ಯಾಪಕವಾದದ್ದು ರೂಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ 1986ರಲ್ಲಿ ಬರೆದ ಪ್ರಬಂಧದ ನಂತರ. ಇಳಿಜಾರು ಹಿಡಿದು ಇಳಿಯುವ ಉಪಾಯವಾದರೋ ಬಹಳ ಹಳೆಯದು. ಫ್ರಾನ್ಸಿನ ಗಣಿತಜ್ಞ ಕೋಶಿ ಅದನ್ನು 1847ರಲ್ಲೇ ಬರೆದಿದ್ದರು.

ಕಾಲಡಿಯ ಇಳಿಜಾರನ್ನಷ್ಟೇ ನಂಬಿ ನಡೆಯುವವನಿಗೆ ತಾನು ಮುಟ್ಟಿದ ತಳವೇ ಎಲ್ಲಕ್ಕಿಂತ ಆಳವಾದದ್ದೆಂದು ತಿಳಿಯುವ ದಾರಿಯಿಲ್ಲ. ನಮ್ಮ ಸೈಕಲ್ಲಿನ ಗುಡ್ಡದಲ್ಲಿ ಕಣಿವೆ ಒಂದೇ, ಎಲ್ಲಿಂದ ಹೊರಟರೂ 4.2. ನ್ಯೂರಲ್ ನೆಟ್‌ವರ್ಕಿನ ಗುಡ್ಡಕ್ಕೆ ಹಲವು ಕಣಿವೆಗಳೂ ಉದ್ದನೆಯ ಮಟ್ಟಸ ಹಾಸುಗಳೂ ಇವೆ, ಆದ್ದರಿಂದ ಬೇರೆ ಬೇರೆ ಜಾಗದಿಂದ ಹೊರಟ ಇಬ್ಬರು ಬೇರೆ ಬೇರೆ ತೂಕಗಳಲ್ಲಿ ನಿಲ್ಲಬಹುದು. ಆ ಎರಡೂ ಕಡೆ ತಪ್ಪು ಸಾಕಷ್ಟು ಕಡಿಮೆಯಿದ್ದರೆ ಎರಡೂ ಒಳ್ಳೆಯ ತೂಕಗಳೇ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ "ಒಳ್ಳೆಯ ತೂಕಗಳು" ಎಂಬ ಮಾತು ಸರಿಯಾಗಿಯೇ ಇದೆ. "ಅತ್ಯುತ್ತಮ" ಎಂದು ಕೇಳಿದ್ದರೆ ಈ ವಿಧಾನ ಅದಕ್ಕೆ ಖಾತರಿ ಕೊಡುವುದಿಲ್ಲ ಎಂದು ಹೇಳಬೇಕಾಗುತ್ತಿತ್ತು.