ಮೆಟ್ಟಿಲಲ್ಲದ ಪುರುಷಾರ್ಥಗಳು: ಒಬ್ಬ ಲೇಖಕರಿಗೆ ಉತ್ತರ

"ಮಾನ್ಯ ಸಂಪಾದಕರಿಗೆ ನಮಸ್ಕಾರ. 'ಚತುರ್ವಿಧ ಪುರುಷಾರ್ಥಗಳು' ಎಂಬ ಲೇಖನವನ್ನು ಕಳುಹಿಸುತ್ತಿದ್ದೇನೆ. ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ನಮ್ಮ ಪ್ರಾಚೀನರೆಲ್ಲರೂ ಒಂದೇ ದನಿಯಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳನ್ನು ಇಂದಿನ ಓದುಗರಿಗೆ ಪರಿಚಯಿಸುವುದು ನನ್ನ ಉದ್ದೇಶ. ಪ್ರಕಟಣೆಗೆ ಯೋಗ್ಯವೇ? ಇಲ್ಲವಾದರೆ ಏನನ್ನು ತಿದ್ದಬೇಕು? ನಿಷ್ಠುರವಾಗಿ ತಿಳಿಸಿ."

ನಮಸ್ಕಾರ. ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮ ವಾಕ್ಯಗಳು ಹದವಾಗಿವೆ, ವಿಷಯದ ಮೇಲಿನ ಗೌರವವೂ ಎದ್ದು ಕಾಣುತ್ತದೆ. ಆದರೆ ಲೇಖನ ನಿಂತಿರುವುದು 'ಒಂದೇ ದನಿ' ಎಂಬ ಮಾತಿನ ಮೇಲೆ, ಮತ್ತು ಆ ಮಾತು ನಿಜವಲ್ಲ. ಪುರುಷಾರ್ಥಗಳಲ್ಲಿ ಯಾವುದು ಮೇಲು ಎಂಬುದು ಬಹುಕಾಲ ಬಗೆಹರಿಯದೆ ಉಳಿದ ವಾದ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲೇ (ಶ್ಲೋಕ 224) ಕೆಲವರು ಧರ್ಮಾರ್ಥಗಳನ್ನು, ಕೆಲವರು ಕಾಮಾರ್ಥಗಳನ್ನು, ಕೆಲವರು ಧರ್ಮವೊಂದನ್ನೇ, ಮತ್ತೆ ಕೆಲವರು ಅರ್ಥವೊಂದನ್ನೇ ಶ್ರೇಯಸ್ಸೆಂದು ಹೇಳುತ್ತಾರೆ ಎಂಬ ದಾಖಲೆಯಿದೆ. ಅದಾದ ಮೇಲೆ ತೀರ್ಮಾನವಾಗಿ ಬರುವುದು 'ತ್ರಿವರ್ಗ', ಅಂದರೆ ಮೂರೂ ಸೇರಿದ್ದೇ ಶ್ರೇಯಸ್ಸು ಎಂಬುದು. ಆ ಶ್ಲೋಕದಲ್ಲಿ ಮೋಕ್ಷದ ಹೆಸರಿಲ್ಲ. ಕೌಟಿಲ್ಯನಾದರೋ ಅರ್ಥವೇ ಪ್ರಧಾನ, ಧರ್ಮ ಕಾಮಗಳೆರಡಕ್ಕೂ ಅದೇ ಮೂಲ ಎಂದು ತನ್ನ ಹೆಸರು ಹೇಳಿಯೇ ನಿಲುವನ್ನು ಸ್ಥಾಪಿಸುತ್ತಾನೆ. ಇಷ್ಟು ಜನ ಇಷ್ಟು ಬಗೆಯಾಗಿ ಮಾತನಾಡಿರುವಾಗ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಅವರು ಯೋಚಿಸಿದ್ದೆಲ್ಲವೂ ಓದುಗರ ಕಣ್ಣಿಗೆ ಬೀಳದೆ ಹೋಗುತ್ತದೆ.

ನನ್ನ ಸಲಹೆ ಇದು: ಸರ್ವೇಕ್ಷಣೆಯನ್ನು ಕೈಬಿಟ್ಟು, ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವೆಂಬ ಉಪಪರ್ವದ ಕೊನೆಯ ಭಾಗದಲ್ಲಿ ಬರುವ ಒಂದು ಅಧ್ಯಾಯದ ಸುತ್ತ ಲೇಖನವನ್ನು ಕಟ್ಟಿ. ಷಡ್ಗೀತೆ ಎಂದು ಅದನ್ನು ಕರೆಯುವ ವಾಡಿಕೆಯಿದೆ. ಭೀಷ್ಮರು ಮಾತು ನಿಲ್ಲಿಸಿದ್ದಾರೆ. ಯುಧಿಷ್ಠಿರ ಮನೆಗೆ ಬಂದು, ನಾಲ್ವರು ತಮ್ಮಂದಿರನ್ನೂ ವಿದುರನನ್ನೂ ಕೂರಿಸಿಕೊಂಡು, ಧರ್ಮ ಅರ್ಥ ಕಾಮಗಳಲ್ಲಿ ಹಿರಿದು ಯಾವುದು, ನಡುವಿನದು ಯಾವುದು, ಕಿರಿದು ಯಾವುದು ಎಂದು ಕೇಳುತ್ತಾನೆ. ಯುದ್ಧ ಗೆದ್ದು, ಬಂಧುಗಳನೇಕರನ್ನು ಕಳೆದುಕೊಂಡು, ರಾಜ್ಯವನ್ನು ಹೊತ್ತ ಮನೆಯೊಳಗೆ ಈ ಪ್ರಶ್ನೆ ಎದ್ದಿದೆ ಎಂಬುದನ್ನು ಓದುಗರು ಮರೆಯದಂತೆ ಬರೆಯಬೇಕು.

ವಿದುರ ಧರ್ಮದ ಪಕ್ಷ ವಹಿಸುತ್ತಾನೆ; ತಪಸ್ಸು, ತ್ಯಾಗ, ಕ್ಷಮೆ, ದಯೆ, ಸತ್ಯ, ಸಂಯಮ ಇವೆಲ್ಲ ಅವನ ಪಟ್ಟಿಯಲ್ಲಿವೆ. ಅರ್ಜುನ ಅರ್ಥದ ಪರ: ಇದು ಕರ್ಮಭೂಮಿ, ಇಲ್ಲಿ ಕೃಷಿ, ವಾಣಿಜ್ಯ, ಗೋರಕ್ಷಣೆ, ನಾನಾ ಶಿಲ್ಪಗಳೇ ಬದುಕಿನ ಆಧಾರ, ಅರ್ಥವಿಲ್ಲದೆ ಧರ್ಮವೂ ನಡೆಯದು, ಕಾಮವೂ ಈಡೇರದು ಎನ್ನುತ್ತಾನೆ. ನಕುಲ ಸಹದೇವರು ಮೊದಲು ಧರ್ಮವನ್ನಾಚರಿಸಿ, ಧರ್ಮಕ್ಕೆ ಹೊಂದಿದ ಅರ್ಥವನ್ನು ಗಳಿಸಿ, ಆಮೇಲೆ ಕಾಮವನ್ನು ಅನುಭವಿಸಬೇಕು ಎಂದು ಕ್ರಮ ಹಾಕುತ್ತಾರೆ. ಇಲ್ಲಿ ನಿಲ್ಲಿ. ನೀವು ಎಲ್ಲ ಪ್ರಾಚೀನರ ಮತವೆಂದು ಬರೆದ ಮೆಟ್ಟಿಲುಗಳು ಈ ಸಭೆಯಲ್ಲಿ ಅತ್ಯಂತ ಕಿರಿಯರಿಬ್ಬರ ಅಭಿಪ್ರಾಯ. ಅದರಲ್ಲೂ ಮೂರೇ ಮೆಟ್ಟಿಲುಗಳಿವೆ.

ಮುಂದೆ ಬರುವ ಭೀಮನ ಮಾತು ಇಡೀ ಅಧ್ಯಾಯದಲ್ಲಿ ನನಗೆ ಅತ್ಯಂತ ಹರಿತವಾಗಿ ಕಾಣುತ್ತದೆ. ನೀವು ಕಾಮವನ್ನು 'ಇಂದ್ರಿಯಸುಖ' ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ. ಭೀಮ ಹೇಳುವುದು ಬೇರೆ: ಕಾಮವಿಲ್ಲದವನು ಅರ್ಥವನ್ನೂ ಬಯಸನು, ಧರ್ಮವನ್ನೂ ಬಯಸನು. ರೈತನೂ ವ್ಯಾಪಾರಿಯೂ ಗೋವಳನೂ ಕುಶಲಕರ್ಮಿಯೂ ಕೆಲಸಕ್ಕೆ ಕೈ ಹಾಕುವುದು ಬಯಕೆಯಿಂದ. ಜನ ಸಮುದ್ರಕ್ಕಿಳಿಯುವುದು ಬಯಕೆಯಿಂದ. ಎಲೆ, ಹಣ್ಣು, ಬೇರುಗಳನ್ನು ತಿಂದು, ಗಾಳಿಯನ್ನೇ ಸೇವಿಸಿ ಋಷಿಗಳು ತಪಸ್ಸಿಗೆ ಕೂರುವುದೂ ಬಯಕೆಯಿಂದಲೇ. ಇದು ಭೋಗಿಯ ಸಮರ್ಥನೆಯಂತೆ ತೋರಿದರೂ ಒಳಗೊಂದು ಗಟ್ಟಿ ತರ್ಕವಿದೆ. ಧರ್ಮವನ್ನು ಒಂದು ಗುರಿ ಎಂದು ಕರೆದ ಕೂಡಲೇ ಅದನ್ನು ಬಯಸುವವನೊಬ್ಬ ಇರಲೇಬೇಕಾಗುತ್ತದೆ, ಹಾಗಾಗಿ ಬಯಕೆಯನ್ನು ಗುರಿಗಳ ಪಟ್ಟಿಯ ಕೆಳಗೆ ತಳ್ಳಿ ಮರೆಯಲು ಬರುವುದಿಲ್ಲ. ನಿಮ್ಮ ಲೇಖನದ ಕಾಮದ ಭಾಗವನ್ನು ಪೂರ್ತಿ ತೆಗೆದು ಈ ವಾದಕ್ಕೆ ಒಂದು ಪುಟ ಕೊಡಿ.

ಕೊನೆಗೆ ಯುಧಿಷ್ಠಿರ. ತಾನೇ ಕೇಳಿದ ಮೂರರಲ್ಲಿ ಯಾವುದನ್ನೂ ಅವನು ಆರಿಸುವುದಿಲ್ಲ. ಪಾಪದಲ್ಲೂ ಇಲ್ಲದ, ಪುಣ್ಯದಲ್ಲೂ ಇಲ್ಲದ, ಅರ್ಥ, ಧರ್ಮ, ಕಾಮ ಯಾವುದರಲ್ಲೂ ತೊಡಗದ, ಹೆಂಟೆಯನ್ನೂ ಹೊನ್ನನ್ನೂ ಸಮವಾಗಿ ಕಾಣುವವನು ಬಿಡುಗಡೆ ಹೊಂದುತ್ತಾನೆ ಎನ್ನುತ್ತಾನೆ. ಬಿಟ್ಟವುಗಳ ಸಾಲಿನಲ್ಲಿ ಧರ್ಮವೂ ಇರುವುದನ್ನು ಗಮನಿಸಿ. 'ಧರ್ಮದ ಮೆಟ್ಟಿಲು ಹತ್ತಿದವನಿಗೆ ಮೋಕ್ಷ ತಾನಾಗಿಯೇ ಒದಗುತ್ತದೆ' ಎಂಬ ನಿಮ್ಮ ವಾಕ್ಯ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅವನ ಮಾತಿನಲ್ಲಿ ಮೋಕ್ಷವೆಂದರೆ ಉಳಿದ ಮೂರರ ಹಂಬಲದಿಂದ ಹೊರಬರುವುದು. ಆದರೆ ಹೀಗೆ ಹೇಳಿದವನು ಕಾಡಿಗೆ ಹೋಗುವುದಿಲ್ಲ. ತಮ್ಮಂದಿರು ಆ ಮಾತನ್ನು ಮೆಚ್ಚುತ್ತಾರೆ, ಅವನು ಪುನಃ ಭೀಷ್ಮರ ಬಳಿ ಹೋಗಿ ಮತ್ತೆ ಧರ್ಮವನ್ನೇ ಕೇಳುತ್ತಾನೆ. ಈ ಬಿಕ್ಕಟ್ಟನ್ನು ಬಿಡಿಸಿ ತೋರಿಸಬೇಕೆಂಬ ಆತುರ ಬೇಡ. ಕವಿ ಅದನ್ನು ಹಾಗೆಯೇ ಬಿಟ್ಟಿದ್ದಾನೆ.

ಎರಡನೆಯ ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. 'ಧರ್ಮ'ವನ್ನು ನೀವು ಮೊದಲ ಭಾಗದಲ್ಲಿ ವೇದವು ವಿಧಿಸಿದ ಕರ್ಮವೆಂದು ವಿವರಿಸಿ, ನಾಲ್ಕನೆಯ ಭಾಗದಲ್ಲಿ ಅದೇ ಧರ್ಮವನ್ನು ಅಶೋಕ ಶಾಸನಗಳಲ್ಲಿ ಸಾರಿದನು ಎಂದು ಮುಂದುವರಿಸಿದ್ದೀರಿ. ಮೊದಲನೆಯದು ಜೈಮಿನಿಯ ಮೀಮಾಂಸಾಸೂತ್ರದ ನಿಲುವು: ಯಾವುದು ಧರ್ಮ ಎಂಬುದನ್ನು ವೇದದ ವಿಧಿವಾಕ್ಯವೊಂದೇ ತಿಳಿಸಬಲ್ಲದು, ಮತ್ತು ಆ ವಿಧಿಗಳಲ್ಲಿ ಪಶುಯಾಗವೂ ಸೇರಿದೆ. ಅಶೋಕನಾದರೋ ತನ್ನ ಮೊದಲ ಬಂಡೆಶಾಸನದಲ್ಲೇ ಪ್ರಾಣಿಯನ್ನು ಕೊಂದು ಬಲಿ ಕೊಡಬಾರದೆಂದು ಆಜ್ಞಾಪಿಸುತ್ತಾನೆ. ಒಬ್ಬರ ಧರ್ಮ ಇನ್ನೊಬ್ಬರಲ್ಲಿ ನಿಷಿದ್ಧ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಹೇಳುವ ಧರ್ಮದ ಗುಣಗಳು ಇವು: ತಾಯಿತಂದೆಯರ ಮಾತು ಕೇಳುವುದು, ಪ್ರಾಣಿಗಳಲ್ಲಿ ದಯೆ, ಸತ್ಯವನ್ನು ನುಡಿಯುವುದು, ಶಿಷ್ಯನು ಆಚಾರ್ಯನನ್ನು ಗೌರವಿಸುವುದು. ಇಲ್ಲಿ ಯಾಗವಿಲ್ಲ, ಯಾರು ಯಾವ ವರ್ಣದವರೆಂಬ ಪ್ರಶ್ನೆಯೂ ಇಲ್ಲ. ಬೌದ್ಧರು, ಜೈನರು ಈ ಪದವನ್ನು ಬಳಸುವ ಬಗೆ ಇನ್ನೂ ಬೇರೆ. ಜೈನ ದರ್ಶನದಲ್ಲಿ ಜೀವಗಳ ಮತ್ತು ಪುದ್ಗಲವೆಂಬ ಜಡವಸ್ತುವಿನ ಚಲನೆಗೆ ನೆರವಾಗುವ ಒಂದು ದ್ರವ್ಯದ ಹೆಸರೇ ಧರ್ಮ. ಇವೆಲ್ಲವನ್ನೂ ನೀವು ತರಬೇಕಾಗಿಲ್ಲ. ಆದರೆ ಪ್ರತಿ ಬಾರಿ 'ಧರ್ಮ' ಎಂದು ಬರೆದಾಗ ಇದು ಯಾರ ಧರ್ಮ, ಅದನ್ನು ತಿಳಿಯುವ ದಾರಿಯಾಗಿ ಅವರು ಏನನ್ನು ಒಪ್ಪುತ್ತಾರೆ ಎಂದು ಕೇಳಿಕೊಳ್ಳಿ. ಉತ್ತರ ಬದಲಾದ ಕಡೆಯಲ್ಲೆಲ್ಲ ವಾಕ್ಯವನ್ನು ಒಡೆಯಿರಿ.

ನಾಲ್ಕು ಆಶ್ರಮಗಳಿಗೆ ನಾಲ್ಕು ಪುರುಷಾರ್ಥಗಳನ್ನು ಒಂದಕ್ಕೊಂದು ಜೋಡಿಸಿದ ಭಾಗವನ್ನೂ ತೆಗೆದುಹಾಕಿ. ಬಾಲ್ಯದಲ್ಲಿ ವಿದ್ಯೆ ಮೊದಲಾದ ಅರ್ಥ, ಯೌವನದಲ್ಲಿ ಕಾಮ, ಮುಪ್ಪಿನಲ್ಲಿ ಧರ್ಮ ಮೋಕ್ಷಗಳು ಎಂದು ವಯಸ್ಸಿಗನುಸಾರ ಹಂಚಿದ ಕಾಮಸೂತ್ರವೇ, ಆಯುಷ್ಯ ಅನಿಶ್ಚಿತವಾದ್ದರಿಂದ ಒದಗಿದಾಗ ಒದಗಿದ್ದನ್ನು ಸೇವಿಸಬಹುದೆಂದು ಕೂಡಲೇ ಸೇರಿಸುತ್ತದೆ.

ತಿದ್ದಿದ ಪ್ರತಿಯನ್ನು ಕಳುಹಿಸುವಾಗ ಶ್ಲೋಕಗಳ ಜೊತೆಗೆ ಅಧ್ಯಾಯದ ಸಂಖ್ಯೆಯನ್ನೂ ಯಾವ ಆವೃತ್ತಿಯದೆಂಬುದನ್ನೂ ಬರೆಯಿರಿ. ಷಡ್ಗೀತೆಯ ಅಧ್ಯಾಯ ಪುಣೆಯ ಭಂಡಾರ್ಕರ್ ಸಂಸ್ಥೆಯ ಸಂಶೋಧಿತ ಆವೃತ್ತಿಯಲ್ಲಿ 161ನೆಯದು, ಪ್ರಚಲಿತ ಪಾಠದಲ್ಲಿ 167ನೆಯದು. ಬರೀ ಸಂಖ್ಯೆ ಕೊಟ್ಟರೆ ಹುಡುಕಲು ಹೊರಟ ಓದುಗರು ಬೇರೆ ಯಾವುದೋ ಕಥೆಯ ನಡುವೆ ಹೋಗಿ ನಿಲ್ಲುತ್ತಾರೆ.