ಲಕ್ಷದ ಪೋಸ್ಟನ್ನು ನಾನು ತಿದ್ದಿ ಬರೆದದ್ದು ಹೀಗೆ

ಪ್ರಶ್ನೆ: ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರ್ತೀನಿ. ಹೋದ ತಿಂಗಳು ವ್ಯಾಪಾರ ಲಕ್ಷ ದಾಟಿತು ಅಂತ ಖುಷಿಯಿಂದ ಪೋಸ್ಟ್ ಹಾಕಿದೆ. ಬಡಾಯಿ ಅಂದ್ರು. ಅದೇ ವಿಷಯವನ್ನ ನಾಲ್ಕು ಜನಕ್ಕೆ ಉಪಯೋಗ ಆಗೋ ಹಾಗೆ ಬರೆಯೋದು ಹೇಗೆ?

ನಾನೂ ಧಾರವಾಡದ ನಮ್ಮ ಮನೆಯಿಂದ ಶೇಂಗಾ ಚಟ್ನಿಪುಡಿ ಮಾರುತ್ತೇನೆ. ಎರಡು ವರ್ಷದ ಹಿಂದೆ ದೀಪಾವಳಿ ಹೊತ್ತಿಗೆ ಇಂಥದೇ ಪೋಸ್ಟ್ ಹಾಕಿದ್ದೆ:

"ಮನೆಯಲ್ಲೇ ಕೂತು ಒಂದೇ ತಿಂಗಳಲ್ಲಿ 1,08,000 ರೂಪಾಯಿ! ಮನಸ್ಸು ಮಾಡಿದರೆ ನೀವೂ ಮಾಡಬಹುದು."

ಜೊತೆಗೆ ಫೋನಿಗೆ ಬಂದ ಹಣದ ಸ್ಕ್ರೀನ್‌ಶಾಟ್. ಬಡಾಯಿ ಅಂದವರ ಮಾತು ನನಗೆ ಅಷ್ಟು ತಟ್ಟಲಿಲ್ಲ. ಆದರೆ ಒಬ್ಬ ಹೆಣ್ಣುಮಗಳು ಕೇಳಿದ್ದು ತಟ್ಟಿತು. "ಅಕ್ಕಾ, ಖಾರ ಕುಟ್ಟುವ ಮಷಿನ್ ತಗೋಬೇಕು ಅಂತಿದ್ದೀನಿ, ಸಾಲ ಮಾಡಬೇಕು. ತಿಂಗಳಿಗೆ ಕೈಯಲ್ಲಿ ಎಷ್ಟು ಉಳಿಯುತ್ತೆ?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಲೆಕ್ಕದ ಪುಸ್ತಕ ಹಿಡಿದು ಕೂತೆ.

ನೀವೂ ಮೊದಲು ಮಾಡಬೇಕಾದ್ದು ಅದೇ. ಪೋಸ್ಟಿನ ಮಾತು ತಿದ್ದುವುದು ಆಮೇಲೆ.

ನನ್ನ ಲೆಕ್ಕ ಹೀಗಿತ್ತು. ಕೊರಿಯರ್ ಸೇರಿಸಿ ಕೇಜಿಗೆ 450 ರೂಪಾಯಿಯಂತೆ, ಒಂದೊಂದು ಕೇಜಿಯ 240 ಆರ್ಡರ್. ಅಲ್ಲಿಗೆ 1,08,000. ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಳಿದ ಸಾಮಾನೆಲ್ಲ ಸೇರಿ 43,200. ಪ್ಯಾಕಿಂಗಿಗೆ 5,280. ಕೊರಿಯರಿಗೆ 16,800. ಸಹಾಯಕ್ಕೆ ಬರುವ ಇಬ್ಬರಿಗೆ ಕೊಟ್ಟ ಸಂಬಳ 12,000. ಗ್ಯಾಸಿಗೆ 3,000. ದಾರಿಯಲ್ಲಿ ಒಡೆದುಹೋದ 8 ಪಾರ್ಸೆಲ್‌ಗಳಿಗೆ ಹಣ ವಾಪಸ್ ಕೊಟ್ಟದ್ದು 3,600. ಎಲ್ಲ ಕಳೆದು ಉಳಿದದ್ದು 24,120. ಅಷ್ಟಕ್ಕೆ 26 ದಿನ, ದಿನಕ್ಕೆ ಆರು ತಾಸು ದುಡಿದಿದ್ದೆ. ತಾಸಿಗೆ ಸುಮಾರು 155 ರೂಪಾಯಿ ಬಿತ್ತು. ಇದು ಒಳ್ಳೆಯ ದುಡಿಮೆಯೇ, ನನಗೆ ಹೆಮ್ಮೆ ಇದೆ. ಆದರೆ "ಮನೆಯಲ್ಲೇ ಕೂತು ಲಕ್ಷ" ಅಂತ ಓದಿದವರಿಗೆ ಇದು ಹೊಳೆಯುವುದಿಲ್ಲ, ಅಲ್ವಾ?

ಮಷಿನ್ ನಮ್ಮ ಅತ್ತೆಯ ಕಾಲದ್ದು, ಮನೆ ಸ್ವಂತದ್ದು. ಹಾಗಾಗಿ ಕಂತು, ಬಾಡಿಗೆ ಈ ಲೆಕ್ಕದಲ್ಲಿ ಇಲ್ಲ. ಸಾಲ ಮಾಡಿ ಶುರು ಮಾಡುವವರಿಗೆ ಇದನ್ನು ಹೇಳದೇ ಇದ್ದರೆ ನನ್ನ 24 ಸಾವಿರವೂ ದಾರಿ ತಪ್ಪಿಸುತ್ತದೆ.

ಹಾಗಂತ ಅಂಕಿ ಮುಚ್ಚಿಡಬೇಡಿ. "ದೇವರ ದಯೆ, ಏನೋ ಸ್ವಲ್ಪ ವ್ಯಾಪಾರ ಆಯ್ತು" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಂಕಿ ಇರಲಿ, ಆದರೆ ಅದು ನೀವು ಮಾಡಿದ ಕೆಲಸದ ಪಕ್ಕದಲ್ಲಿ ಇರಲಿ. ಆ ಕೆಲಸ ಯಾವುದು ಅಂತ ಹುಡುಕಲು ನನಗೆ ಒಂದು ಪ್ರಶ್ನೆ ಸಹಾಯ ಮಾಡಿತು: ಈ 240 ಜನ ಎಲ್ಲಿಂದ ಬಂದರು? ಆರ್ಡರ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಗುರುತು ಹಾಕುತ್ತ ಹೋದೆ. 138 ಹಳೆಯ ಗಿರಾಕಿಗಳು. 62 ಜನ ಅವರ ಮಾತು ಕೇಳಿ ಬಂದವರು. 40 ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ದಿನ ಇಟ್ಟ ಸ್ಟಾಲಿನಿಂದ ಬಂದದ್ದು. ನಾನು ಜಾಸ್ತಿ ಹೊತ್ತು ಕಳೆಯುತ್ತಿದ್ದ ರೀಲ್ಸಿನಿಂದ ಒಬ್ಬರೂ ಇರಲಿಲ್ಲ. ಅಂದರೆ ಬರೆಯಬೇಕಾದ ವಿಷಯ ಒಂದೇ: ಹಳೆಯ ಗಿರಾಕಿ ಯಾಕೆ ಮತ್ತೆ ಬಂದರು?

ತಿದ್ದಿ ಬರೆದ ಪೋಸ್ಟ್ ಇದು:

"ದೀಪಾವಳಿ ಮುಂಚಿನ ತಿಂಗಳು ನಮ್ಮ ಮನೆಯಿಂದ 240 ಕೇಜಿ ಚಟ್ನಿಪುಡಿ ಹೋಯಿತು. ಅದರಲ್ಲಿ 138 ಹಳೆಯ ಗಿರಾಕಿಗಳದ್ದು. ಅವರಿಗಾಗಿ ಮಾಡಿದ್ದು ಎರಡು ಕೆಲಸ. ಒಂದು, ಪಾರ್ಸೆಲ್ ಕಳಿಸಿದ ತಾರೀಖು ಬರೆದಿಟ್ಟು, 25ನೇ ದಿನ ಒಂದೇ ಒಂದು ಮೆಸೇಜ್: 'ಡಬ್ಬಿ ಖಾಲಿ ಆಗಿದ್ದರೆ ಹೇಳಿ, ಈ ವಾರ ಕುಟ್ಟುತ್ತಿದ್ದೇವೆ.' ಮೊದಲು 10ನೇ ದಿನವೇ ಕೇಳುತ್ತಿದ್ದೆ. ಡಬ್ಬಿ ಅರ್ಧವೂ ಮುಗಿದಿರುತ್ತಿರಲಿಲ್ಲ, ಯಾರೂ ಉತ್ತರ ಕೊಡುತ್ತಿರಲಿಲ್ಲ. 25ನೇ ದಿನ ಕಳಿಸಿದ 90 ಜನರಲ್ಲಿ 34 ಜನ ಅದೇ ವಾರ ತರಿಸಿಕೊಂಡರು. ಎರಡು, ಪ್ರತಿ ಪಾರ್ಸೆಲ್‌ನಲ್ಲಿ 25 ಗ್ರಾಂ ಗುರೆಳ್ಳು ಚಟ್ನಿಪುಡಿ ರುಚಿಗೆ ಹಾಕಿದೆ. ಹಬ್ಬದ ತಿಂಗಳಾದ್ದರಿಂದ ಇವೆರಡರಿಂದಲೇ ಇಷ್ಟು ಆಯಿತು ಅಂತ ಹೇಳಲಾರೆ. ಒಟ್ಟು ವ್ಯಾಪಾರ 1,08,000, ಖರ್ಚು ಕಳೆದು ಉಳಿದದ್ದು 24,120. ಮಷಿನ್, ಮನೆ ಮೊದಲೇ ಇದ್ದವು. ಮುಂದಿನ ತಿಂಗಳು ಆರ್ಡರ್ 70ಕ್ಕೆ ಇಳಿಯಿತು."

ಇದರಲ್ಲಿ ನನಗೆ ಬರೆಯಲು ಕಷ್ಟವಾದದ್ದು ಕೊನೆಯ ವಾಕ್ಯ. ಆದರೆ ಸಾಲ ಮಾಡಿ ಮಷಿನ್ ಕೊಳ್ಳುವವರಿಗೆ ಅತಿ ಬೇಕಾದ ಅಂಕಿ ಅದೇ. ಕಂತು ಹಬ್ಬ ನೋಡಿ ಬರುವುದಿಲ್ಲ. ನಿಮ್ಮ ಲಕ್ಷದ ತಿಂಗಳು ಯಾವುದು, ಅದರ ಹಿಂದಿನ, ಮುಂದಿನ ತಿಂಗಳು ಎಷ್ಟು ಅಂತ ಖಂಡಿತ ಹಾಕಿ.

ಇನ್ನೊಂದು, "ನೀವೂ ಮಾಡಬಹುದು" ಅನ್ನುವುದನ್ನು ತೆಗೆದು ಅದು ಯಾರಿಗೆ ನಡೆಯುತ್ತದೆ ಅಂತ ಬರೆಯಿರಿ. 25ನೇ ದಿನದ ಮೆಸೇಜ್ ಮನೆಯಲ್ಲಿ ದಿನಾ ಖರ್ಚಾಗುವ ವಸ್ತುವಿಗೆ ಸರಿ. ಚಟ್ನಿಪುಡಿ, ಸಾಂಬಾರ್ ಪುಡಿ, ತುಪ್ಪ ಇಂಥವಕ್ಕೆ. ರೇಷ್ಮೆ ಸೀರೆ ಮಾರುವವರು ಹಾಗೆ ಕೇಳಿದರೆ ಗಿರಾಕಿಗೆ ಕಿರಿಕಿರಿ. ದಿನದ ಲೆಕ್ಕವೂ ಬದಲಾಗುತ್ತದೆ. ನೀವು ಅರ್ಧ ಕೇಜಿ ಮಾರಿದರೆ 25 ದಿನ ಕಾಯುವುದು ತಡವಾಗಬಹುದು. ನಿಮ್ಮ ಹಳೆಯ ಗಿರಾಕಿಗಳು ತಾವಾಗೇ ಎಷ್ಟು ದಿನಕ್ಕೆ ಮತ್ತೆ ಕೇಳಿದ್ದಾರೆ ಅಂತ ನೋಡಿ, ಅದಕ್ಕೆ ನಾಲ್ಕೈದು ದಿನ ಮುಂಚೆ ಇಟ್ಟುಕೊಳ್ಳಿ.

ಸ್ಕ್ರೀನ್‌ಶಾಟ್ ಬೇಡವೇ ಬೇಡ. ನನ್ನದರಲ್ಲಿ ಮೂರು ಗಿರಾಕಿಗಳ ಹೆಸರು, ಒಬ್ಬರ ಫೋನ್ ನಂಬರ್ ಕಾಣುತ್ತಿತ್ತು. ಅವರನ್ನು ಕೇಳದೆ ಹಾಕಿದ್ದು ದೊಡ್ಡ ತಪ್ಪು. ಅದರಲ್ಲಿ ನನ್ನ ತಮ್ಮ ಕಳಿಸಿದ ಹಣವೂ ಸೇರಿತ್ತು. ಫೋನಿನಲ್ಲಿ ಕಾಣುವ ಮೊತ್ತವೇ ವ್ಯಾಪಾರ ಅಲ್ಲ. ಕ್ಯಾಶ್ ಆನ್ ಡೆಲಿವರಿ ಇದ್ದರೆ ಇನ್ನೂ ಎಚ್ಚರ. ಆರ್ಡರ್ ಹಾಕಿ ಪಾರ್ಸೆಲ್ ತಗೊಳ್ಳದವರೂ ಆರ್ಡರ್ ಎಣಿಕೆಯಲ್ಲಿ ಸೇರಿರುತ್ತಾರೆ. ಅವರನ್ನು ಬಿಟ್ಟು, ಕೈಗೆ ಬಂದ ಹಣವನ್ನಷ್ಟೇ ಎಣಿಸಿ.

ಬರೆದಾದ ಮೇಲೆ ಹೀಗೆ ನೋಡಿ. ಪೋಸ್ಟಿನಲ್ಲಿರುವ ರೂಪಾಯಿ ಅಂಕಿಗಳನ್ನೆಲ್ಲ ಬೆರಳಿಂದ ಮುಚ್ಚಿ ಓದಿ. ಓದಿದವರು ನಾಳೆ ಬೆಳಿಗ್ಗೆ ಎದ್ದು ಮಾಡಬಹುದಾದ ಒಂದು ಕೆಲಸವಾದರೂ ಉಳಿದಿದೆಯಾ? ನನ್ನ ಮೊದಲ ಪೋಸ್ಟಿನಲ್ಲಿ ಏನೂ ಉಳಿಯಲಿಲ್ಲ. ಎರಡನೆಯದರಲ್ಲಿ ತಾರೀಖು ಬರೆದಿಡುವುದು, 25ನೇ ದಿನ ಕೇಳುವುದು, ಕಳಿಸುವ ಮಾತು, ರುಚಿಗೆ ಹಾಕುವ ಪೊಟ್ಟಣ ಎಲ್ಲ ಉಳಿಯುತ್ತದೆ.

ಆರ್ಡರ್ ಕೊಡಲು ಬೇಕಾದ ಫೋನ್ ನಂಬರನ್ನು ಆ ಪೋಸ್ಟಿನ ಕೆಳಗೆ ಹಾಕಬೇಡಿ, ಬೇರೆ ದಿನ ಬೇರೆಯಾಗಿ ಹಾಕಿ. ನಾನು ಹಾಗೆ ಮಾಡಿದೆ. ಕೆಳಗೆ ಬಂದ ಪ್ರಶ್ನೆಗಳು ಬೇರೆ ಥರ ಇದ್ದವು. "ತಾರೀಖು ಪುಸ್ತಕದಲ್ಲಿ ಬರೀತೀರಾ, ಫೋನಲ್ಲಾ?" "ಪುಡಿ ಪೊಟ್ಟಣ ಒಡೆಯದ ಹಾಗೆ ಏನು ಮಾಡ್ತೀರಿ?" ಮಷಿನ್ ಬಗ್ಗೆ ಕೇಳಿದ್ದ ಆ ಹೆಣ್ಣುಮಗಳಿಗೂ ಇದೇ ಲೆಕ್ಕ ಕಳಿಸಿದೆ. ಮಷಿನ್ ಆಮೇಲೆ ನೋಡೋಣ ಅಂತ ಅವರು ಓಣಿಯ ಗಿರಣಿಯಲ್ಲೇ ಹತ್ತು ಕೇಜಿ ಕುಟ್ಟಿಸಿ ಶುರು ಮಾಡಿದರು.